ಪ್ಯಾರಾಬೋಲಿಕ್ ಏರಿಕೆಯ ಕೊನೆ: ಬ್ಲೋ-ಆಫ್ ಟಾಪ್ ಮತ್ತು ಕ್ಲೈಮ್ಯಾಕ್ಸ್ ವಾಲ್ಯೂಮ್ ಗುರುತಿಸುವ ಸಮಗ್ರ ಮಾರ್ಗದರ್ಶಿ

2021ರ ಅಕ್ಟೋಬರ್ 19, ಮಂಗಳವಾರದ ಬೆಳಗ್ಗೆ ಐಆರ್‌ಸಿಟಿಸಿ ಷೇರು ಹಿಂದಿನ ದಿನದ ಮುಕ್ತಾಯಕ್ಕಿಂತ ಮೇಲೆ ತೆರೆದುಕೊಂಡು, ಅಲ್ಲಿಂದಲೂ ಏರುತ್ತಾ 6,396 ರೂಪಾಯಿಯ ಆಸುಪಾಸಿಗೆ ಹೋಯಿತು. ಕಂಪನಿಯ ಮಾರುಕಟ್ಟೆ ಮೌಲ್ಯ ಮೊದಲ ಬಾರಿಗೆ 1 ಲಕ್ಷ ಕೋಟಿ ರೂಪಾಯಿ ದಾಟಿತು. ಅದೇ ದಿನ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಷೇರು ಸುಮಾರು 5,360ಕ್ಕೆ ಇಳಿದಿತ್ತು. ಬೆಳಗ್ಗೆ ಸುಮಾರು ಶೇಕಡಾ 9ರಷ್ಟು ಲಾಭದಲ್ಲಿದ್ದದ್ದು ಸಂಜೆಗೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ನಷ್ಟದಲ್ಲಿ ಮುಗಿಯಿತು. ಆ ದಿನ ಕಂಪನಿಯ ಬಗ್ಗೆ ಕೆಟ್ಟ ಸುದ್ದಿಯೇನೂ ಬಂದಿರಲಿಲ್ಲ. ಕಂಪನಿ ಕಂಗೆಡುವಂತಹ ಸುದ್ದಿ ಬಂದದ್ದು ಅದಾಗಿ ಒಂಬತ್ತು ದಿನಗಳ ನಂತರ.

ಬ್ಲೋ-ಆಫ್ ಟಾಪ್ ಎಂದು ಷೇರುಪೇಟೆಯವರು ಕರೆಯುವುದು ಇಂತಹ ತುದಿಯನ್ನು: ಏರಿಕೆ ಕೊನೆಯ ದಿನಗಳಲ್ಲಿ ವಿಪರೀತ ಕಡಿದಾಗಿ, ಭಾರೀ ವಹಿವಾಟಿನೊಂದಿಗೆ ಶಿಖರ ಮುಟ್ಟಿ, ಬಂದ ವೇಗದಲ್ಲೇ ಮುರಿದು ಬೀಳುತ್ತದೆ. ಆ ಹಂತದ ಅಸಾಧಾರಣ ವಹಿವಾಟಿಗೆ ಕ್ಲೈಮ್ಯಾಕ್ಸ್ ವಾಲ್ಯೂಮ್ ಎನ್ನುತ್ತಾರೆ. ಈ ಮಾರ್ಗದರ್ಶಿಯನ್ನು ಷೇರು ಈಗಾಗಲೇ ಕೈಯಲ್ಲಿದ್ದು, ಯಾವಾಗ ಮತ್ತು ಎಷ್ಟು ಮಾರಬೇಕು ಎಂದು ಯೋಚಿಸುತ್ತಿರುವವರಿಗಾಗಿ ಬರೆಯಲಾಗಿದೆ. ತುದಿಯಲ್ಲಿ ಶಾರ್ಟ್ ಮಾಡಿ, ಅಂದರೆ ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ ಇಳಿದ ಮೇಲೆ ವಾಪಸ್ ಕೊಂಡು, ಗಳಿಸಬೇಕೆನ್ನುವವರಿಗೆ ಇದರಿಂದ ಹೆಚ್ಚು ಪ್ರಯೋಜನವಾಗದು. ಅದೇಕೆ ಎಂಬುದನ್ನು ಮುಂದೆ ಗೇಮ್‌ಸ್ಟಾಪ್ ಉದಾಹರಣೆಯೇ ಹೇಳುತ್ತದೆ.

ದಣಿವು ಎಲ್ಲಿಂದ ಬರುತ್ತದೆ

ಬೆಲೆ ಏರಬೇಕಾದರೆ ಇಂದಿನ ಬೆಲೆಗಿಂತ ಹೆಚ್ಚು ಕೊಡಲು ಸಿದ್ಧರಿರುವ ಹೊಸ ಖರೀದಿದಾರರು ನಾಳೆಯೂ ಬರಬೇಕು. ವೇಗ ಹೆಚ್ಚುತ್ತಲೇ ಹೋಗುವ ಪ್ಯಾರಾಬೋಲಿಕ್ ಏರಿಕೆಯ ಕೊನೆಯಲ್ಲಿ ಕೊಳ್ಳುವವರಲ್ಲಿ ಮುಖ್ಯವಾಗಿ ಎರಡು ಬಗೆಯವರಿರುತ್ತಾರೆ. ಏರಿಕೆಯನ್ನು ವಾರಗಟ್ಟಲೆ ಹೊರಗಿನಿಂದ ನೋಡುತ್ತಿದ್ದು, ಇನ್ನು ತಡೆಯಲಾಗದೆ ಒಳಬಂದವರು ಒಂದು ಬಗೆ. ಬೆಲೆ ಅತಿಯಾಯಿತೆಂದು ಮೊದಲೇ ಶಾರ್ಟ್ ಮಾಡಿದ್ದು, ನಷ್ಟ ತಾಳಲಾರದೆ ಸಿಕ್ಕ ಬೆಲೆಗೆ ವಾಪಸ್ ಕೊಳ್ಳುತ್ತಿರುವವರು ಇನ್ನೊಂದು ಬಗೆ. ಇಬ್ಬರೂ ಬೆಲೆ ನೋಡಿ ಚೌಕಾಸಿ ಮಾಡುವುದಿಲ್ಲ, ಹಾಗಾಗಿ ಬೆಲೆ ದಿನಕ್ಕೆ ಶೇಕಡಾ 7, 8, 10ರಂತೆ ಜಿಗಿಯುತ್ತದೆ. ಆದರೆ ಒಮ್ಮೆ ಕೊಂಡ ಮೇಲೆ ಇವರಿಂದ ಮತ್ತೆ ಬೇಡಿಕೆ ಹುಟ್ಟುವುದಿಲ್ಲ. ಮೊದಲ ಬಗೆಯವರು ತಮ್ಮಲ್ಲಿದ್ದ ಹಣವನ್ನೆಲ್ಲ ಹಾಕಿರುತ್ತಾರೆ, ಎರಡನೆಯ ಬಗೆಯವರು ಲೆಕ್ಕ ಮುಗಿಸಿ ಹೊರಟುಹೋಗಿರುತ್ತಾರೆ.

ಇವರಿಗೆ ಮಾರುವವರು ಕೆಳಗಿನ ಬೆಲೆಯಲ್ಲಿ ಕೊಂಡು ಕುಳಿತವರು. ದೊಡ್ಡ ಪ್ರಮಾಣದ ಷೇರು ಹೊಂದಿರುವವರಿಗೆ ಸಾಮಾನ್ಯ ದಿನಗಳಲ್ಲಿ ಬೆಲೆ ಕೆಡದಂತೆ ಮಾರುವುದು ಕಷ್ಟ. ಕೊಳ್ಳುವವರು ಮುಗಿಬಿದ್ದಿರುವ ದಿನ ಮಾತ್ರ ಅವರ ಮಾರಾಟವನ್ನು ಪೇಟೆ ಸಲೀಸಾಗಿ ಹೀರಿಕೊಳ್ಳುತ್ತದೆ. ಕ್ಲೈಮ್ಯಾಕ್ಸ್ ವಾಲ್ಯೂಮ್ ಎಂದರೆ ಈ ದೊಡ್ಡ ಹಸ್ತಾಂತರದ ಗುರುತು. ಅಗ್ಗದಲ್ಲಿ ಕೊಂಡ ಗಟ್ಟಿ ಕೈಗಳಿಂದ ಷೇರು ದುಬಾರಿಯಲ್ಲಿ ಕೊಂಡ ಅಳುಕಿನ ಕೈಗಳಿಗೆ ಹೋಗುತ್ತದೆ. ಮರುದಿನ ಬೆಲೆ ಸ್ವಲ್ಪ ಇಳಿದರೂ ಈ ಹೊಸಬರೆಲ್ಲ ನಷ್ಟದಲ್ಲಿರುತ್ತಾರೆ, ಬೆಲೆಯನ್ನು ಹಿಡಿದಿಡುವ ಹೊಸ ಖರೀದಿದಾರರು ಇರುವುದಿಲ್ಲ, ಆದ್ದರಿಂದಲೇ ಇಳಿತವೂ ಕಡಿದಾಗಿರುತ್ತದೆ.

ಮೊದಲ ಹಂತ: ಏರಿಕೆ ನಿಜಕ್ಕೂ ಪ್ಯಾರಾಬೋಲಿಕ್ ಆಗಿದೆಯೇ ಎಂದು ನೋಡಿ

ಚಾರ್ಟ್ ತೆರೆದ ತಕ್ಷಣ ಬೆಲೆಯ ಅಕ್ಷವನ್ನು ಲಾಗ್ ಸ್ಕೇಲ್‌ಗೆ ಬದಲಿಸಿ. ಸಾಮಾನ್ಯ ಸ್ಕೇಲ್‌ನಲ್ಲಿ 100ರಿಂದ 200ಕ್ಕೆ ಏರಿದ್ದು ಚಿಕ್ಕದಾಗಿಯೂ 1,000ದಿಂದ 2,000ಕ್ಕೆ ಏರಿದ್ದು ದೊಡ್ಡದಾಗಿಯೂ ಕಾಣುವುದರಿಂದ, ಸಮಾನ ಶೇಕಡಾವಾರಿನಲ್ಲಿ ನಿಧಾನವಾಗಿ ಏರುವ ಯಾವ ಷೇರಾದರೂ ಅಲ್ಲಿ ಕಮಾನಿನಂತೆ ತೋರುತ್ತದೆ. ಲಾಗ್ ಸ್ಕೇಲ್‌ನಲ್ಲಿ ಅಂತಹ ಏರಿಕೆ ನೇರ ಗೆರೆಯಾಗಿರುತ್ತದೆ. ಲಾಗ್ ಸ್ಕೇಲ್‌ನಲ್ಲೂ ಗೆರೆ ಮೇಲಕ್ಕೆ ಬಾಗಿದ್ದರೆ ಮಾತ್ರ ಏರಿಕೆಯ ವೇಗವೇ ಹೆಚ್ಚುತ್ತಿದೆ ಎಂದರ್ಥ. ನೇರ ಗೆರೆಯಲ್ಲಿ ಏರುತ್ತಿರುವ ಷೇರಿಗೆ ಈ ಬರಹದ ಮುಂದಿನ ಹಂತಗಳನ್ನು ಅನ್ವಯಿಸಬೇಡಿ. ಅಲ್ಲಿ ಭಾರೀ ವಹಿವಾಟಿನ ದಿನ ಬಹುಪಾಲು ಬೇರೆಯೇ ಅರ್ಥ ಕೊಡುತ್ತದೆ.

ಐಆರ್‌ಸಿಟಿಸಿ ಷೇರಿನ ದಾರಿಯನ್ನೇ ನೋಡೋಣ. 2019ರ ಅಕ್ಟೋಬರ್‌ನಲ್ಲಿ 320 ರೂಪಾಯಿಗೆ ಸಾರ್ವಜನಿಕರಿಗೆ ಹಂಚಿಕೆಯಾದ ಷೇರು ಅದು. 2020ರ ಡಿಸೆಂಬರ್‌ನಲ್ಲಿ ಸರ್ಕಾರ ತನ್ನ ಪಾಲಿನಲ್ಲಿ ಒಂದಷ್ಟನ್ನು ಮಾರಿದಾಗ ನಿಗದಿಯಾದ ಕನಿಷ್ಠ ಬೆಲೆ 1,367. ಅಲ್ಲಿಂದ 2021ರ ಆಗಸ್ಟ್ ಕೊನೆಯಲ್ಲಿ 2,700ರ ಆಸುಪಾಸಿಗೆ ಬರಲು ಎಂಟಕ್ಕೂ ಹೆಚ್ಚು ತಿಂಗಳು ಹಿಡಿದವು. ಆದರೆ 2,700ರಿಂದ 6,396ಕ್ಕೆ ಹೋಗಲು ಹಿಡಿದದ್ದು ಸುಮಾರು ಏಳು ವಾರ. ಮೊದಲ ಎಂಟು ತಿಂಗಳಲ್ಲಿ ಎರಡು ಪಟ್ಟು, ಮುಂದಿನ ಏಳು ವಾರಗಳಲ್ಲಿ ಅದಕ್ಕಿಂತಲೂ ಹೆಚ್ಚು. ಲಾಗ್ ಸ್ಕೇಲ್‌ನಲ್ಲೂ ಈ ಗೆರೆ ಬಾಗುತ್ತದೆ. ಅಕ್ಟೋಬರ್ 18ರ ಮುಕ್ತಾಯದ ಬೆಲೆ 200 ದಿನಗಳ ಸರಾಸರಿಯ ಎರಡು ಪಟ್ಟಿಗಿಂತ ಮೇಲಿತ್ತು.

200 ದಿನಗಳ ಸರಾಸರಿಯಿಂದ ಇಷ್ಟು ದೂರವೆಂದರೆ ಅಪಾಯ ಎಂಬ ಒಂದೇ ಸಂಖ್ಯೆ ಎಲ್ಲ ಷೇರುಗಳಿಗೂ ಇಲ್ಲ. ದೊಡ್ಡ ಬ್ಯಾಂಕಿನ ಷೇರು ಸರಾಸರಿಯಿಂದ ಶೇಕಡಾ 40 ದೂರ ಹೋದರೆ ಅಪರೂಪ. ಚಿಕ್ಕ ಕಂಪನಿಯೊಂದಕ್ಕೆ ಅದು ಮಾಮೂಲು. ಅದೇ ಷೇರಿನ ಹಿಂದಿನ ಐದಾರು ವರ್ಷಗಳ ಇತಿಹಾಸದಲ್ಲಿ ಈ ದೂರ ಎಲ್ಲಿಯವರೆಗೆ ಹೋಗಿತ್ತು, ಆಮೇಲೆ ಏನಾಯಿತು ಎಂದು ನೋಡುವುದೇ ಸರಿಯಾದ ಅಳತೆ.

ಎರಡನೆಯ ಹಂತ: ವಹಿವಾಟನ್ನು ಸರಿಯಾಗಿ ಅಳೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಚಾರ್ಟಿನ ಕೆಳಗೆ ಎತ್ತರದ ಕಡ್ಡಿಯೊಂದು ಕಂಡ ಕೂಡಲೇ ಅದನ್ನು ಕ್ಲೈಮ್ಯಾಕ್ಸ್ ಎಂದುಬಿಡುತ್ತಾರೆ. ಆ ಕಡ್ಡಿ ಯಾವುದಕ್ಕೆ ಹೋಲಿಸಿದರೆ ಎತ್ತರ ಎಂಬುದನ್ನು ಸಂಖ್ಯೆಯಲ್ಲಿ ಹೇಳಲು ಬರಬೇಕು. ಎನ್‌ಎಸ್‌ಇ ಜಾಲತಾಣದಲ್ಲಿ ಪ್ರತಿ ಷೇರಿನ ದಿನವಾರು ಹಳೆಯ ಮಾಹಿತಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಅದನ್ನು ಸ್ಪ್ರೆಡ್‌ಶೀಟಿನಲ್ಲಿ ಹಳೆಯ ದಿನ ಮೇಲೆ, ಹೊಸ ದಿನ ಕೆಳಗೆ ಬರುವಂತೆ ಜೋಡಿಸಿ, A ಕಾಲಂನಲ್ಲಿ ದಿನಾಂಕ, B ಯಲ್ಲಿ ಆರಂಭ, C ಯಲ್ಲಿ ಗರಿಷ್ಠ, D ಯಲ್ಲಿ ಕನಿಷ್ಠ, E ಯಲ್ಲಿ ಮುಕ್ತಾಯ, F ನಲ್ಲಿ ಷೇರುಗಳ ಸಂಖ್ಯೆ ಇಡಿ. 252ನೆಯ ಸಾಲು ಇಂದಿನದು ಎಂದುಕೊಂಡರೆ ಬೇಕಾದ ಸೂತ್ರಗಳು ಇಷ್ಟೇ:

```
=F252/MEDIAN(F202:F251)
=E252/AVERAGE(E53:E252)-1
=(E252-D252)/(C252-D252)
```

ಮೊದಲ ಸೂತ್ರ ಇಂದಿನ ವಹಿವಾಟು ಹಿಂದಿನ 50 ದಿನಗಳ ಮಧ್ಯಮ ಮೌಲ್ಯದ ಎಷ್ಟು ಪಟ್ಟು ಎಂದು ಹೇಳುತ್ತದೆ. ಸರಾಸರಿಯ ಬದಲು ಮೀಡಿಯನ್ ಬಳಸಲು ಕಾರಣವಿದೆ: ಏರಿಕೆಯ ನಡುವೆ ಬಂದ ಒಂದೆರಡು ಭಾರೀ ದಿನಗಳು ಸರಾಸರಿಯನ್ನು ಮೇಲಕ್ಕೆ ಎಳೆದು, ಇಂದಿನ ಅತಿರೇಕವನ್ನು ಮಾಮೂಲೆಂಬಂತೆ ತೋರಿಸಬಲ್ಲವು. ಎರಡನೆಯದು 200 ದಿನಗಳ ಸರಾಸರಿಯಿಂದ ಇರುವ ದೂರ. ಮೂರನೆಯದು ದಿನದ ಏರಿಳಿತದ ವ್ಯಾಪ್ತಿಯಲ್ಲಿ ಬೆಲೆ ಎಲ್ಲಿ ಮುಗಿಯಿತು ಎಂಬುದನ್ನು ಸೊನ್ನೆಯಿಂದ ಒಂದರವರೆಗಿನ ಅಂಕಿಯಲ್ಲಿ ಕೊಡುತ್ತದೆ. ಒಂದು ಎಂದರೆ ಗರಿಷ್ಠದಲ್ಲೇ ಮುಕ್ತಾಯ, ಸೊನ್ನೆ ಎಂದರೆ ಕನಿಷ್ಠದಲ್ಲಿ. ಷೇರು ಇಡೀ ದಿನ, ಆ ದಿನಕ್ಕೆ ನಿಗದಿಯಾದ ಮೇಲಿನ ಬೆಲೆ ಮಿತಿಯಾದ ಅಪ್ಪರ್ ಸರ್ಕ್ಯೂಟಿನಲ್ಲೇ ಕಚ್ಚಿಕೊಂಡಿದ್ದರೆ ಗರಿಷ್ಠ ಮತ್ತು ಕನಿಷ್ಠ ಒಂದೇ ಆಗಿ ಮೂರನೆಯ ಸೂತ್ರ #DIV/0! ಎಂದು ತೋರಿಸುತ್ತದೆ. ಅದು ನಿಮ್ಮ ತಪ್ಪಲ್ಲ.

ಎಷ್ಟು ಪಟ್ಟು ಇದ್ದರೆ ಕ್ಲೈಮ್ಯಾಕ್ಸ್? ನಾನು ನಾಲ್ಕು ಪಟ್ಟಿಗಿಂತ ಕೆಳಗಿದ್ದರೆ ಆ ಪದ ಬಳಸುವುದಿಲ್ಲ. ಜೊತೆಗೆ ಅದು ಏರಿಕೆ ಶುರುವಾದಂದಿನಿಂದ ಬಂದ ಅತ್ಯಂತ ದೊಡ್ಡ ದಿನಗಳಲ್ಲಿ ಒಂದಾಗಿರಬೇಕು. ಇದು ಅನುಭವದಿಂದ ಹುಟ್ಟಿದ ಅಂದಾಜೇ ಹೊರತು ಯಾವ ನಿಯಮವೂ ಅಲ್ಲ.

ಷೇರುಗಳ ಸಂಖ್ಯೆಯನ್ನು ಕೈಬದಲಾಗಬಲ್ಲ ಷೇರುಗಳೊಂದಿಗೂ ಹೋಲಿಸಿ ನೋಡುವುದು ಒಳ್ಳೆಯದು. ಒಂದು ಷೇರನ್ನು ಐದಾಗಿಸಿದ 2021ರ ವಿಭಜನೆಗೆ ಮುಂಚೆ ಐಆರ್‌ಸಿಟಿಸಿಯ ಒಟ್ಟು ಷೇರುಗಳು 16 ಕೋಟಿ. ಅದರಲ್ಲಿ ಶೇಕಡಾ 67ಕ್ಕೂ ಸ್ವಲ್ಪ ಹೆಚ್ಚು ಪಾಲು ಕೇಂದ್ರ ಸರ್ಕಾರದ ಕೈಯಲ್ಲಿತ್ತು. ಹಾಗಾಗಿ ಪೇಟೆಯಲ್ಲಿ ತಿರುಗಾಡುತ್ತಿದ್ದದ್ದು ಸುಮಾರು 5.2 ಕೋಟಿ ಷೇರು ಮಾತ್ರ. ಇಂತಹ ಷೇರಿನಲ್ಲಿ ಒಂದೇ ದಿನ 1.3 ಕೋಟಿ ಷೇರು ವಹಿವಾಟಾಯಿತು ಎಂದುಕೊಳ್ಳಿ. ತಿರುಗಾಡುವ ಷೇರುಗಳ ಕಾಲು ಭಾಗದಷ್ಟು ಒಂದು ದಿನದಲ್ಲಿ ಕೈಬದಲಾದಂತೆ ಆಗುತ್ತದೆ. ಅದೇ 1.3 ಕೋಟಿ ಸಂಖ್ಯೆ ನೂರಾರು ಕೋಟಿ ಷೇರುಗಳಿರುವ ಬ್ಯಾಂಕಿನಲ್ಲಿ ಗಮನಕ್ಕೂ ಬಾರದು. ಒಂದು ಎಚ್ಚರಿಕೆ: ಇದರಲ್ಲಿ ಬೆಳಗ್ಗೆ ಕೊಂಡು ಸಂಜೆ ಮಾರುವವರ ಷೇರುಗಳೂ ಸೇರಿರುತ್ತವೆ. ಎನ್‌ಎಸ್‌ಇ ದಿನವೂ ಪ್ರಕಟಿಸುವ ಡೆಲಿವರಿ ಪ್ರಮಾಣವನ್ನು ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಷೇರು ನಿಜಕ್ಕೂ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಯಿತು ಎಂಬುದು ಗೊತ್ತಾಗುತ್ತದೆ. ಶೇಕಡಾವಾರಿಗಿಂತ ಸಂಖ್ಯೆಯನ್ನೇ ನೋಡಿ. ಊಹಾಪೋಹದ ದಿನಗಳಲ್ಲಿ ಡೆಲಿವರಿ ಶೇಕಡಾ ಬಿದ್ದಿರುತ್ತದೆ, ಆದರೂ ಡೆಲಿವರಿಯಾದ ಷೇರುಗಳ ಸಂಖ್ಯೆ ಏರಿಕೆಯ ಅವಧಿಯಲ್ಲೇ ಅತಿ ಹೆಚ್ಚಿನದಾಗಿರಬಹುದು.

ಮಾಹಿತಿಯಲ್ಲೇ ಅಡಗಿರುವ ಒಂದು ಬಲೆಯನ್ನೂ ಹೇಳಬೇಕು. ಐಆರ್‌ಸಿಟಿಸಿ ಷೇರು 2021ರ ಅಕ್ಟೋಬರ್ 28ರಿಂದ ಒಂದಕ್ಕೆ ಐದರಂತೆ ವಿಭಜನೆಯಾಯಿತು. ಇಂದು ಚಾರ್ಟ್ ತೆರೆದರೆ ಆ ಶಿಖರ 6,396 ಎಂದಲ್ಲ, ಸುಮಾರು 1,279 ಎಂದು ಕಾಣುತ್ತದೆ. ಬೆಲೆಯನ್ನು ಐದರಿಂದ ಭಾಗಿಸಿದ ಮಾಹಿತಿ ಮೂಲವು ಹಳೆಯ ವಹಿವಾಟನ್ನು ಐದರಿಂದ ಗುಣಿಸಿಯೂ ಇರಬೇಕು. ಎನ್‌ಎಸ್‌ಇಯಿಂದ ನೇರವಾಗಿ ಇಳಿಸಿದ ಕಚ್ಚಾ ಮಾಹಿತಿಯಲ್ಲಿ ಎರಡೂ ಬದಲಾಗಿರುವುದಿಲ್ಲ. ಹಾಗೆಯೇ ಲೆಕ್ಕ ಹಾಕಿದರೆ ವಿಭಜನೆಯ ನಂತರದ ಮಾಮೂಲು ದಿನಗಳೆಲ್ಲ ಐದು ಪಟ್ಟು ವಹಿವಾಟಿನ ದಿನಗಳಾಗಿ ಕಂಡು, ಇಲ್ಲದ ಕ್ಲೈಮ್ಯಾಕ್ಸ್ ಹುಟ್ಟಿಕೊಳ್ಳುತ್ತದೆ. ಸೂಚ್ಯಂಕಕ್ಕೆ ಷೇರು ಸೇರುವ ದಿನ, ದೊಡ್ಡ ಬ್ಲಾಕ್ ಡೀಲ್ ನಡೆದ ದಿನಗಳ ವಹಿವಾಟನ್ನೂ ಪಕ್ಕಕ್ಕಿಡಿ. ಅಲ್ಲಿ ಸಂಸ್ಥೆಗಳ ನಡುವೆ ಮೊದಲೇ ಗೊತ್ತಾದ ಕೊಡುಕೊಳ್ಳುವಿಕೆ ಇರುತ್ತದೆಯೇ ಹೊರತು ಉನ್ಮಾದವಲ್ಲ.

ಗೇಮ್‌ಸ್ಟಾಪ್: ವಾಲ್ಯೂಮ್ ಮೊದಲು, ಶಿಖರ ಆಮೇಲೆ

ಬರೀ ಷೇರುಗಳ ಸಂಖ್ಯೆಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಗೇಮ್‌ಸ್ಟಾಪ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. 2021ರ ಜನವರಿ 22ರಂದು ಆ ಷೇರಿನಲ್ಲಿ ಸುಮಾರು 19.7 ಕೋಟಿ ಷೇರುಗಳ ವಹಿವಾಟಾಯಿತು. ಕಂಪನಿಯ ಒಟ್ಟು ಷೇರುಗಳೇ ಸುಮಾರು 7 ಕೋಟಿ ಇದ್ದವು. ಇದಕ್ಕಿಂತ ದೊಡ್ಡ ಕ್ಲೈಮ್ಯಾಕ್ಸ್ ಇರಲಾರದು ಎಂದು ಯಾರಿಗಾದರೂ ಅನಿಸಬೇಕು. ಅಂದಿನ ಮುಕ್ತಾಯ 65 ಡಾಲರ್. ಅಂದು ಶಾರ್ಟ್ ಮಾಡಿದವರು ಜನವರಿ 27ರಂದು ಸುಮಾರು 347ರ ಮುಕ್ತಾಯವನ್ನು ನೋಡಬೇಕಾಯಿತು. 28ರಂದು ಬೆಲೆ 483ರವರೆಗೆ ಹೋಗಿ, ಕೆಲವು ಬ್ರೋಕರ್‌ಗಳು ಹೊಸ ಖರೀದಿಯನ್ನು ನಿರ್ಬಂಧಿಸಿದ ಆ ದಿನ 193.60ಕ್ಕೆ ಮುಗಿಯಿತು. ಶಿಖರದ ಆ ದಿನ ವಹಿವಾಟಾದದ್ದು ಸುಮಾರು 5.9 ಕೋಟಿ ಷೇರು, ಅಂದರೆ 22ರಂದು ಆದದ್ದರ ಮೂರನೆಯ ಒಂದಕ್ಕಿಂತಲೂ ಕಡಿಮೆ. (ಇವೆಲ್ಲ 2022ರ ವಿಭಜನೆಗೆ ಮುಂಚಿನ ಅಂಕಿಗಳು.)

ಈಗ ಷೇರುಗಳ ಸಂಖ್ಯೆಯನ್ನು ಆಯಾ ದಿನದ ಮುಕ್ತಾಯದ ಬೆಲೆಯಿಂದ ಗುಣಿಸಿ ನೋಡಿ. ಜನವರಿ 22ರಂದು ಅದು ಸುಮಾರು 1,280 ಕೋಟಿ ಡಾಲರ್. 27ರಂದು ಸುಮಾರು 9.3 ಕೋಟಿ ಷೇರು 347ರಂತೆ ಸುಮಾರು 3,200 ಕೋಟಿ ಡಾಲರ್. 28ರಂದು ಸುಮಾರು 1,140 ಕೋಟಿ ಡಾಲರ್. ಷೇರುಗಳ ಸಂಖ್ಯೆ ಶಿಖರಕ್ಕಿಂತ ಆರು ದಿನ ಮೊದಲೇ ತುದಿ ಮುಟ್ಟಿದ್ದರೂ, ಹಣದ ವಹಿವಾಟು ತುದಿ ಮುಟ್ಟಿದ್ದು ಶಿಖರದ ಹಿಂದಿನ ದಿನ. ಬೆಲೆ ವಾರದೊಳಗೆ ಐದು ಪಟ್ಟಾದಾಗ ಅಷ್ಟೇ ಷೇರು ಕೊಳ್ಳಲು ಐದು ಪಟ್ಟು ಹಣ ಬೇಕು, ಹಾಗಾಗಿ ಷೇರುಗಳ ಸಂಖ್ಯೆ ತಾನಾಗಿಯೇ ಕುಗ್ಗುತ್ತದೆ. ದಣಿಯುವುದು ಹಣ. ಕಡಿದಾದ ಏರಿಕೆಯಲ್ಲಿ ಸಂಖ್ಯೆಯ ಜೊತೆಗೆ ರೂಪಾಯಿ ವಹಿವಾಟನ್ನೂ ಒಂದು ಕಾಲಂನಲ್ಲಿ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕಾಗಿ. ಬೆಲೆ ಹೊಸ ಎತ್ತರಕ್ಕೆ ಹೋದರೂ ಹಣದ ವಹಿವಾಟು ಹಿಂದಿನ ದಿನಕ್ಕಿಂತ ಕುಸಿದರೆ ಅದು ಷೇರುಗಳ ಸಂಖ್ಯೆ ಕುಸಿಯುವುದಕ್ಕಿಂತ ಗಂಭೀರವಾದ ಸೂಚನೆ.

ಮೂರನೆಯ ಸೂತ್ರವನ್ನೂ ಇದೇ ಎರಡು ದಿನಗಳಿಗೆ ಹಾಕಿ. ಜನವರಿ 22ರಂದು ಗರಿಷ್ಠ 76.76, ಕನಿಷ್ಠ 42.32, ಮುಕ್ತಾಯ 65.01, ಉತ್ತರ 0.66. ಭಾರೀ ವಹಿವಾಟಿದ್ದರೂ ಬೆಲೆ ದಿನದ ವ್ಯಾಪ್ತಿಯ ಮೇಲಿನ ಮೂರನೆಯ ಒಂದರ ಅಂಚಿನಲ್ಲಿ ನಿಂತಿತ್ತು. ಮಾರಿದ್ದನ್ನೆಲ್ಲ ಕೊಂಡು ಇನ್ನೂ ಕೊಳ್ಳುವವರು ಉಳಿದಿದ್ದರು. 28ರಂದು ಗರಿಷ್ಠ 483, ಕನಿಷ್ಠ 112.25, ಮುಕ್ತಾಯ 193.60, ಉತ್ತರ 0.22.

ಮೂರನೆಯ ಹಂತ: ಶ್ರಮಕ್ಕೆ ತಕ್ಕ ಫಲ ಬಂತೇ ಎಂದು ನೋಡಿ

ಭಾರೀ ವಹಿವಾಟು ಶ್ರಮ, ಬೆಲೆಯ ಮುನ್ನಡೆ ಅದರ ಫಲ. ಶ್ರಮ ದೊಡ್ಡದಾಗಿದ್ದು ಫಲ ಸಿಗದಿದ್ದರೆ ಯಾರೋ ಎದುರಿನಿಂದ ಅಷ್ಟೇ ದೊಡ್ಡದಾಗಿ ಮಾರುತ್ತಿದ್ದಾರೆ. ಇದನ್ನು ಗುರುತಿಸುವ ಎರಡು ರೂಪಗಳಿವೆ. ಒಂದು, ಐಆರ್‌ಸಿಟಿಸಿಯಲ್ಲಿ ಆದಂತೆ ಮೇಲಕ್ಕೆ ಗ್ಯಾಪ್ ಬಿಟ್ಟು ತೆರೆದು, ಹೊಸ ಗರಿಷ್ಠ ಮುಟ್ಟಿ, ಹಿಂದಿನ ದಿನದ ಮುಕ್ತಾಯಕ್ಕಿಂತ ಕೆಳಗೆ ಮುಗಿಯುವ ದಿನ. ಇನ್ನೊಂದು ಇದಕ್ಕಿಂತ ಸೂಕ್ಷ್ಮ: ಎರಡು ಮೂರು ದಿನ ಭಾರೀ ವಹಿವಾಟು ನಡೆದೂ ಮುಕ್ತಾಯದ ಬೆಲೆ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುವುದು. ಅಲ್ಲಿ ಭಯ ಹುಟ್ಟಿಸುವ ಕೆಂಪು ಕ್ಯಾಂಡಲ್ ಇರುವುದಿಲ್ಲವಾದ್ದರಿಂದ ಇದನ್ನು ಹೆಚ್ಚಿನವರು ವಿಶ್ರಾಂತಿ ಎಂದು ತಿಳಿಯುತ್ತಾರೆ.

ಏರಿಕೆಯ ಆರಂಭದಲ್ಲಿ ಬರುವ ಭಾರೀ ವಹಿವಾಟನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ತಿಂಗಳುಗಟ್ಟಲೆ ಒಂದೇ ಬೆಲೆ ವ್ಯಾಪ್ತಿಯಲ್ಲಿದ್ದ ಷೇರು ಆರು ಪಟ್ಟು ವಹಿವಾಟಿನೊಂದಿಗೆ ಮೇಲಕ್ಕೆ ಬಂದರೆ ಅದು ಬ್ರೇಕ್‌ಔಟ್. ಅಲ್ಲಿ ಸರಾಸರಿಯಿಂದ ದೂರ ಇನ್ನೂ ಕಡಿಮೆ ಇರುತ್ತದೆ, ಮುಕ್ತಾಯ ದಿನದ ಗರಿಷ್ಠದ ಹತ್ತಿರ ಇರುತ್ತದೆ. ವಹಿವಾಟಿನ ಗಾತ್ರ ಒಂದೇ ಆಗಿದ್ದರೂ ಅದು ಬಂದ ಜಾಗ ಅರ್ಥವನ್ನು ಬದಲಿಸುತ್ತದೆ. ಆದ್ದರಿಂದಲೇ ಮೊದಲ ಹಂತವನ್ನು ಬಿಟ್ಟು ನೇರವಾಗಿ ವಾಲ್ಯೂಮ್ ನೋಡಲು ಹೋಗುವವರು ಒಳ್ಳೆಯ ಷೇರನ್ನು ಆರಂಭದಲ್ಲೇ ಮಾರಿಬಿಡುತ್ತಾರೆ.

ಷೇರಿನಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಇದ್ದರೆ ಇನ್ನೊಂದು ಕಡೆಯೂ ಕಣ್ಣು ಹಾಯಿಸಬೇಕು. ಒಂದು ಷೇರಿನ ಮೇಲೆ ಪೇಟೆಯಲ್ಲಿ ಒಟ್ಟು ಎಷ್ಟು ಪೊಸಿಷನ್ ಇರಬಹುದು ಎಂಬುದಕ್ಕೆ ಮಿತಿ ಇದೆ. 2021ರ ನಿಯಮದಂತೆ ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಗಿಸದೆ ಉಳಿದಿರುವ ಒಟ್ಟು ಪೊಸಿಷನ್, ಆ ಮಿತಿಯ ಶೇಕಡಾ 95 ದಾಟಿದರೆ ಮರುದಿನದಿಂದ ಷೇರು ಬ್ಯಾನ್ ಪಟ್ಟಿಗೆ ಹೋಗುತ್ತದೆ. ಅಲ್ಲಿ ಇದ್ದ ಪೊಸಿಷನ್ ಕಡಿಮೆ ಮಾಡಬಹುದೇ ಹೊರತು ಹೊಸದನ್ನು ತೆರೆಯುವಂತಿಲ್ಲ. ಐಆರ್‌ಸಿಟಿಸಿ ಅಕ್ಟೋಬರ್ 20ರಂದು ಈ ಪಟ್ಟಿಯಲ್ಲಿತ್ತು. ಸಾಲದ ಬಲದಿಂದ ಕೊಳ್ಳುತ್ತಿದ್ದವರ ಹೊಸ ಬೇಡಿಕೆ ಒಂದೇ ರಾತ್ರಿಯಲ್ಲಿ ನಿಂತುಹೋಗುವುದು, ಉಳಿದವರು ಮಾರಲಷ್ಟೇ ಸಾಧ್ಯವಾಗುವುದು, ಅದೂ ತಿರುಗುಬಾಣದಂತಹ ಒಂದು ದಿನ ಮುಗಿದ ಬೆನ್ನಿಗೇ! 20ರಂದು ಷೇರು ದಿನದ ನಡುವೆ ಸುಮಾರು ಶೇಕಡಾ 18ರವರೆಗೆ ಕುಸಿಯಿತು. ಓಪನ್ ಇಂಟರೆಸ್ಟ್ ಮಿತಿಯ ಎಷ್ಟು ಶೇಕಡಾದಲ್ಲಿದೆ ಎಂಬುದನ್ನು ವಿನಿಮಯ ಕೇಂದ್ರ ದಿನವೂ ಪ್ರಕಟಿಸುತ್ತದೆ. ಕಡಿದಾದ ಏರಿಕೆಯಲ್ಲಿರುವ ಷೇರನ್ನು ಹಿಡಿದಿರುವವರು ಅದು 80 ದಾಟಿದ ಮೇಲೆ ಪ್ರತಿ ಸಂಜೆ ನೋಡುವುದು ಅಗತ್ಯ.

ನಾಲ್ಕನೆಯ ಹಂತ: ಮುಂದಿನ ದಿನಗಳಲ್ಲಿ ದೃಢಪಡಿಸಿಕೊಳ್ಳಿ

ಕ್ಲೈಮ್ಯಾಕ್ಸ್‌ನಂತೆ ಕಾಣುವ ಎಲ್ಲ ದಿನವೂ ಶಿಖರವಾಗುವುದಿಲ್ಲ. ಕೆಲವು ಷೇರುಗಳು ಎರಡು ವಾರ ಸುಸ್ತಾಗಿ ಮತ್ತೆ ಏರುತ್ತವೆ. ವ್ಯತ್ಯಾಸ ತಿಳಿಯುವುದು ಎರಡು ಗೆರೆಗಳಿಂದ. ಕ್ಲೈಮ್ಯಾಕ್ಸ್ ದಿನದ ಗರಿಷ್ಠಕ್ಕೆ ಒಂದು ಅಡ್ಡಗೆರೆ, ಕನಿಷ್ಠಕ್ಕೆ ಇನ್ನೊಂದು ಅಡ್ಡಗೆರೆ ಹಾಕಿ. ಮುಕ್ತಾಯದ ಬೆಲೆ ಕೆಳಗಿನ ಗೆರೆಯ ಕೆಳಗೆ ಬಂದರೆ ಆ ದಿನ ಕೊಂಡ ಪ್ರತಿಯೊಬ್ಬರೂ ನಷ್ಟದಲ್ಲಿದ್ದಾರೆ ಎಂದರ್ಥ. ಇಲ್ಲಿಂದ ಮುಂದೆ ಬೆಲೆ ಏರಲು ಹೊರಟಾಗಲೆಲ್ಲ ಅವರು ಅಸಲು ಸಿಕ್ಕರೆ ಸಾಕೆಂದು ಮಾರುತ್ತಾರೆ. ಮುಕ್ತಾಯ ಮೇಲಿನ ಗೆರೆ ದಾಟಿದರೆ ನಿಮ್ಮ ಊಹೆ ತಪ್ಪಿತು. ಒಪ್ಪಿಕೊಂಡು ಗೆರೆಗಳನ್ನು ಅಳಿಸಿ.

ಎರಡರ ನಡುವೆ ಬೆಲೆ ಪುಟಿದೆದ್ದರೆ ಆ ಪುಟಿತವನ್ನೇ ಪರೀಕ್ಷಿಸಿ. ಇಳಿದದ್ದರ ಅರ್ಧದಷ್ಟನ್ನೂ ವಾಪಸ್ ಪಡೆಯಲಾಗದೆ, ಇಳಿದ ದಿನಗಳಿಗಿಂತ ಕಡಿಮೆ ವಹಿವಾಟಿನಲ್ಲಿ ಪುಟಿದರೆ ಅದು ಬೇಡಿಕೆಯಲ್ಲ, ಮಾರಾಟಕ್ಕೆ ಸಿಕ್ಕ ಬಿಡುವು. ಐಆರ್‌ಸಿಟಿಸಿಯಲ್ಲಿ ವಿಭಜನೆಯ ದಿನವಾದ ಅಕ್ಟೋಬರ್ 28ರಂದು ಉತ್ಸಾಹದ ಏರಿಕೆಯೊಂದು ಬಂದು, ಷೇರು ಸುಮಾರು 913ಕ್ಕೆ ಮುಗಿಯಿತು. ಹಳೆಯ ಲೆಕ್ಕದಲ್ಲಿ ಅದು ಸುಮಾರು 4,565. 20ರಂದು ಅದು ದಿನದ ನಡುವೆ 4,400ರ ಆಸುಪಾಸಿಗೆ ಬಿದ್ದಿತ್ತು ಎಂದಿಟ್ಟುಕೊಂಡರೆ, ಶಿಖರದಿಂದ ಅಲ್ಲಿಯವರೆಗಿನ ಇಳಿತದ ಅರ್ಧ ವಾಪಸ್ ಬರಬೇಕಾದರೆ 5,400ರ ಹತ್ತಿರ ಹೋಗಬೇಕಿತ್ತು. ಅದರ ಸಮೀಪಕ್ಕೂ ಬರಲಿಲ್ಲ.

ಅದೇ ದಿನ ಸಂಜೆ, ಟಿಕೆಟ್ ಬುಕಿಂಗ್‌ನಿಂದ ಬರುವ ಕನ್ವೀನಿಯನ್ಸ್ ಶುಲ್ಕದ ಅರ್ಧವನ್ನು ರೈಲ್ವೆ ಸಚಿವಾಲಯದೊಂದಿಗೆ ಹಂಚಿಕೊಳ್ಳಬೇಕೆಂಬ ನಿರ್ಧಾರವನ್ನು ಕಂಪನಿ ವಿನಿಮಯ ಕೇಂದ್ರಗಳಿಗೆ ತಿಳಿಸಿತು. 29ರ ಬೆಳಗ್ಗೆ ಷೇರು ಶೇಕಡಾ 25ಕ್ಕೂ ಹೆಚ್ಚು ಕುಸಿಯಿತು. ಕೆಲವೇ ಗಂಟೆಗಳಲ್ಲಿ ಸಚಿವಾಲಯ ನಿರ್ಧಾರವನ್ನು ಹಿಂತೆಗೆದುಕೊಂಡಿತು, ಬೆಲೆಯೂ ಬಹುಪಾಲು ಚೇತರಿಸಿಕೊಂಡಿತು. ಆದರೆ ಸುದ್ದಿ ರದ್ದಾದರೂ ಹಳೆಯ ಶಿಖರ ಮರಳಲಿಲ್ಲ. 2024ರಲ್ಲಿ ಸರ್ಕಾರಿ ಕಂಪನಿಗಳ ಷೇರುಗಳು ಭರಾಟೆಯಿಂದ ಏರಿದಾಗಲೂ ಇದು 1,279ನ್ನು ಮುಟ್ಟಲಿಲ್ಲ. ಇಳಿತಕ್ಕೆ ಆ ಶುಲ್ಕವೇ ಕಾರಣ ಎಂದು ಇಂದಿಗೂ ಹೇಳುವವರಿದ್ದಾರೆ. ದಿನಾಂಕಗಳನ್ನು ಕ್ರಮವಾಗಿ ಜೋಡಿಸಿದರೆ ಆ ಮಾತು ನಿಲ್ಲುವುದಿಲ್ಲ.

ಐದನೆಯ ಹಂತ: ಮಾರುವ ಕ್ರಮ

ನಿಮ್ಮಲ್ಲಿ 90 ಷೇರುಗಳಿವೆ ಎಂದುಕೊಳ್ಳಿ. ಮೊದಲ ಮೂರು ಹಂತಗಳ ಲಕ್ಷಣಗಳು ಒಂದೇ ದಿನ ಒಟ್ಟಾಗಿ ಕಂಡರೆ, ಅಂದರೆ ಬಾಗಿದ ಗೆರೆ, ನಾಲ್ಕು ಪಟ್ಟಿಗೂ ಮೀರಿದ ವಹಿವಾಟು ಮತ್ತು ವ್ಯಾಪ್ತಿಯ ಕೆಳಗಿನ ಮೂರನೆಯ ಒಂದರಲ್ಲಿ ಮುಕ್ತಾಯ, ಅಂದು ಮಾರುಕಟ್ಟೆ ಮುಚ್ಚುವ ಕೊನೆಯ ಅರ್ಧ ಗಂಟೆಯಲ್ಲಿ 30 ಷೇರು ಮಾರಿ. ದೃಢೀಕರಣಕ್ಕೆ ಕಾಯದೆ ಒಂದು ಭಾಗವನ್ನು ಮಾರಲು ಕಾರಣ ಸರಳ: ಐಆರ್‌ಸಿಟಿಸಿಯಲ್ಲಿ ದೃಢೀಕರಣ ಬರುವಷ್ಟರಲ್ಲಿ ಬೆಲೆ ಇನ್ನೂ ಸುಮಾರು ಸಾವಿರ ರೂಪಾಯಿ ಕೆಳಗಿತ್ತು. ಎರಡನೆಯ 30ನ್ನು ಕ್ಲೈಮ್ಯಾಕ್ಸ್ ದಿನದ ಕನಿಷ್ಠಕ್ಕಿಂತ ಕೆಳಗೆ ಮುಕ್ತಾಯವಾದಾಗ ಮಾರಿ. ಕೊನೆಯ 30ಕ್ಕೆ ಅರ್ಧದಷ್ಟೂ ಏರದ ದುರ್ಬಲ ಪುಟಿತವನ್ನು ಕಾಯಬಹುದು, ಅಥವಾ ಮೇಲಿನ ಗೆರೆ ದಾಟಿದರೆ ಇಟ್ಟುಕೊಳ್ಳಬಹುದು. ಈ ಕ್ರಮದಲ್ಲಿ ತುತ್ತತುದಿಯ ಬೆಲೆ ಯಾವ ಭಾಗಕ್ಕೂ ಸಿಗುವುದಿಲ್ಲ. ತುದಿಯ ಬೆಲೆ ಬೇಕೆನ್ನುವವರು ತುದಿಗೆ ಮೊದಲೇ ಮಾರಬೇಕು. ಅದು ಬೇರೆಯದೇ ತಂತ್ರ, ಅದಕ್ಕೆ ವಹಿವಾಟಿನ ಅಂಕಿಗಳೇ ಬೇಕಿಲ್ಲ.

ಸ್ಟಾಪ್ ಲಾಸ್ ಆರ್ಡರ್ ಹಾಕಿದ್ದೇನೆ ಎಂಬ ಭರವಸೆಯ ಮಿತಿಯನ್ನು ಅಕ್ಟೋಬರ್ 29ರ ಬೆಳಗ್ಗೆ ತೋರಿಸಿತು. ಹಿಂದಿನ ಸಂಜೆಯ ಮುಕ್ತಾಯಕ್ಕಿಂತ ಶೇಕಡಾ 10 ಕೆಳಗೆ ಸ್ಟಾಪ್ ಇಟ್ಟಿದ್ದರೆ, ಬೆಲೆ ಆ ಮಟ್ಟವನ್ನು ಹಾರಿ ಕೆಳಗೇ ತೆರೆದುಕೊಂಡಾಗ ಮಾರ್ಕೆಟ್ ಆರ್ಡರ್ ಸಿಕ್ಕ ಬೆಲೆಗೆ ಮಾರಾಟವಾಗುತ್ತದೆ; ಲಿಮಿಟ್ ಇಟ್ಟಿದ್ದರೆ ಮಾರಾಟವೇ ಆಗದೆ ಉಳಿಯಬಹುದು. ಕಡಿದಾದ ಏರಿಕೆಯ ನಂತರ ರಾತ್ರಿಯ ಗ್ಯಾಪ್‌ನಿಂದ ರಕ್ಷಿಸುವುದು ಮೊದಲೇ ಕಡಿಮೆ ಮಾಡಿಕೊಂಡ ಷೇರುಗಳ ಸಂಖ್ಯೆ ಮಾತ್ರ.

ಸರ್ಕ್ಯೂಟ್ ಇರುವ ಚಿಕ್ಕ ಷೇರುಗಳಲ್ಲಿ

ಮೇಲೆ ಹೇಳಿದ್ದೆಲ್ಲ ಮುಕ್ತವಾಗಿ ವಹಿವಾಟಾಗುವ ಷೇರುಗಳಿಗೆ ಸಲ್ಲುತ್ತದೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಪಟ್ಟಿಯಲ್ಲಿಲ್ಲದ ಷೇರುಗಳಿಗೆ ಶೇಕಡಾ 2, 5, 10 ಅಥವಾ 20ರ ಬೆಲೆ ಮಿತಿ ಇರುತ್ತದೆ. ಶೇಕಡಾ 5ರ ಮಿತಿಯ ಷೇರು ದಿನವೂ ಅಪ್ಪರ್ ಸರ್ಕ್ಯೂಟಿಗೆ ಹೋಗುತ್ತಿದ್ದರೆ ಮಾರುವವರೇ ಇಲ್ಲದೆ ವಹಿವಾಟು ತೀರಾ ಕಡಿಮೆ ಇರುತ್ತದೆ. ಕ್ಲೈಮ್ಯಾಕ್ಸ್ ವಾಲ್ಯೂಮ್ ಕಾಣುವುದು ಸರ್ಕ್ಯೂಟ್ ತೆರೆದುಕೊಂಡ ದಿನ, ಅಂದರೆ ಬಾಕಿ ನಿಂತಿದ್ದ ಖರೀದಿ ಆರ್ಡರ್‌ಗಳನ್ನೆಲ್ಲ ಯಾರೋ ಮಾರಿ ತುಂಬಿದ ದಿನ. ಅಂದು ಬೆಳಗ್ಗೆ ಲಕ್ಷಗಟ್ಟಲೆ ಇದ್ದ ಖರೀದಿ ಸಾಲು ಮಧ್ಯಾಹ್ನದೊಳಗೆ ಕರಗಿ, ಷೇರು ದಿನದ ಮಧ್ಯದಲ್ಲಿ ಮೊದಲ ಬಾರಿಗೆ ಕೆಳಗೆ ವಹಿವಾಟಾದರೆ, ಸಂಜೆಯ ಮುಕ್ತಾಯಕ್ಕೂ ಕಾಯಬೇಡಿ. ಮರುದಿನ ಷೇರು ಲೋವರ್ ಸರ್ಕ್ಯೂಟಿನಲ್ಲಿ ತೆರೆದುಕೊಂಡರೆ ಮಾರಾಟದ ಸಾಲಿನಲ್ಲಿ ನಿಮ್ಮ ಆರ್ಡರ್ ಎಷ್ಟನೆಯದೋ ಆಗಿರುತ್ತದೆ, ಅಲ್ಲಿಂದ ಮುಂದೆ ಎಷ್ಟು ದಿನ ಕೊಳ್ಳುವವರೇ ಇಲ್ಲದೆ ಬೆಲೆ ಶೇಕಡಾ 5ರಂತೆ ಇಳಿಯುತ್ತದೋ ಅಷ್ಟೂ ದಿನ ಮೇಲಿನ ಯಾವ ಹಂತವನ್ನೂ ಜಾರಿಗೆ ತರಲಾಗುವುದಿಲ್ಲ. ಇಂತಹ ಷೇರಿನಲ್ಲಿ ಮೂರು ಕಂತಿನ ಮಾರಾಟವನ್ನು ಬಿಟ್ಟು, ಸರ್ಕ್ಯೂಟ್ ತೆರೆದ ದಿನವೇ ಬಹುಪಾಲನ್ನು ಕೈಬಿಡುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ.